ಹಕ್ಕುಗಳ ಕೋಷ್ಟಕದಲ್ಲಿ ನಾಲ್ಕನೆಯ ಅಂಕಣ



ಕಳೆದ ತಿಂಗಳು ನೆರೆಯೂರಿನ ರಿಕ್ಷಾ ಚಾಲಕರೊಬ್ಬರು ಮಗಳ ನೋಟುಪುಸ್ತಕವನ್ನು ಕೈಯಲ್ಲಿ ಹಿಡಿದು ನಮ್ಮ ಜಗಲಿಗೆ ಬಂದರು. ಅವರ ಮಗಳು ಒಂಬತ್ತನೆಯ ತರಗತಿ, ಮಗ ಆರನೆಯದು. ಇಬ್ಬರೂ ಒಂದೇ ಸರ್ಕಾರಿ ಶಾಲೆಯ ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದಾರೆ. ಮೂಲಭೂತ ಹಕ್ಕು ಮತ್ತು ಕರ್ತವ್ಯಗಳ ಪಾಠವನ್ನು ಕೋಷ್ಟಕವಾಗಿ ಸಂಗ್ರಹಿಸಿ ಬರೆಯುವಂತೆ ಶಾಲೆಯಲ್ಲಿ ಹೇಳಿದ್ದರು. ಹುಡುಗಿ ಅಚ್ಚುಕಟ್ಟಾಗಿ ಗೆರೆ ಎಳೆದು ನಾಲ್ಕು ಅಂಕಣಗಳನ್ನು ಮಾಡಿದ್ದಳು: ಹಕ್ಕು, ವಿಧಿ, ಮಿತಿ, ಕಾನೂನಿನ ಪರಿಹಾರ. ಕೆಳಗೆ ಕೆಂಪು ಶಾಯಿಯಲ್ಲಿ "ಉತ್ತಮ" ಎಂದೂ ಇತ್ತು.

ತಂದೆ ಬಂದದ್ದು ಮೆಚ್ಚುಗೆಗಾಗಿ ಅಲ್ಲ. "ಮಾಷ್ಟ್ರೇ, ಇಬ್ಬರು ಮಕ್ಕಳಿಗೂ ಗಣಿತಕ್ಕೆ ಬಂದವರು ಕನ್ನಡ ತಿಳಿಯದ ಅಧ್ಯಾಪಕರು. ಮಕ್ಕಳಿಗೆ ಅವರ ಮಾತು ತಿಳಿಯುವುದಿಲ್ಲ, ಅವರಿಗೆ ಮಕ್ಕಳ ಪ್ರಶ್ನೆ ತಿಳಿಯುವುದಿಲ್ಲ. ಇದರಲ್ಲಿ ನಮಗೆ ಸಂಬಂಧಿಸಿದ ಸಾಲು ಯಾವುದು? ಯಾವ ಬಾಗಿಲು ತಟ್ಟಬೇಕು?" ಎಂದು ಕೇಳಿದರು.

ನಾನು ಕೋಷ್ಟಕವನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಮೂರನೆಯ ಅಂಕಣದಲ್ಲಿ ಮೊದಲ ಸಾಲಿಗೆ "ಸಮಂಜಸ ನಿರ್ಬಂಧಗಳು" ಎಂದು ಬರೆದು ಉಳಿದ ಸಾಲುಗಳಿಗೆಲ್ಲ "ಅದೇ" ಎಂದು ಚುಕ್ಕಿ ಇಡಲಾಗಿತ್ತು. ನಾಲ್ಕನೆಯದರಲ್ಲಿ ಮೊದಲ ಸಾಲಿಗೆ "32ನೇ ವಿಧಿ, ಸರ್ವೋಚ್ಚ ನ್ಯಾಯಾಲಯ", ಉಳಿದವಕ್ಕೆ ಮತ್ತೆ ಚುಕ್ಕಿ. ಕರ್ತವ್ಯಗಳ ಮುಂದೆಯೂ ಅದೇ ಚುಕ್ಕಿಗಳು. ತಂದೆಯ ಪ್ರಶ್ನೆಗೆ ಆ ಪುಟದಲ್ಲಿ ಉತ್ತರವಿರಲಿಲ್ಲ.

ತಪ್ಪು ಹುಡುಗಿಯದಲ್ಲ. ಪರೀಕ್ಷೆಯ ಮಾರ್ಗದರ್ಶಿಗಳಲ್ಲಿ ಇರುವುದೇ ಹೀಗೆ, ನಾನೂ ಬಹುಕಾಲ ಹೀಗೆಯೇ ಬರೆಯಿಸಿದವನು. ಆದರೆ ಈಗ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಕೊನೆಯ ಎರಡು ಅಂಕಣಗಳಲ್ಲಿ ಚುಕ್ಕಿ ಇಟ್ಟ ಕೋಷ್ಟಕವು ಸಂಗ್ರಹವಲ್ಲ, ಪಾಠದ ಶೀರ್ಷಿಕೆಗಳ ನಕಲು ಮಾತ್ರ. ಹಕ್ಕುಗಳನ್ನು ಒಂದರಿಂದ ಇನ್ನೊಂದನ್ನು ಬೇರ್ಪಡಿಸುವುದು ಅವುಗಳ ಹೆಸರಲ್ಲ. ಅವು ಎಲ್ಲಿ ನಿಲ್ಲುತ್ತವೆ, ಮುರಿದಾಗ ಯಾರ ಬಳಿ ಹೋಗಬೇಕು ಎಂಬುದೇ ಅವುಗಳ ಅಂತರ. ನಮ್ಮಂತಹ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಆ ಅಂತರವು ಒಂದು ಅಂಕದ ಪ್ರಶ್ನೆಯಾಗಿ ಉಳಿಯುವುದಿಲ್ಲ, ತರಗತಿಯ ಒಳಗೇ ಬಂದು ನಿಲ್ಲುತ್ತದೆ.

ಮೊದಲು ಮಿತಿಯ ಅಂಕಣವನ್ನು ನೋಡೋಣ. "ಸಮಂಜಸ ನಿರ್ಬಂಧ" ಎಂಬ ಮಾತು ಎಲ್ಲ ಹಕ್ಕುಗಳಿಗೂ ಹೊದಿಸುವ ಕಂಬಳಿಯಲ್ಲ. ಅದು ಮುಖ್ಯವಾಗಿ 19ನೇ ವಿಧಿಯ ಆರು ಸ್ವಾತಂತ್ರ್ಯಗಳಿಗೆ ಸೇರಿದ ಮಾತು. ಅಲ್ಲಿಯೂ ಸರ್ಕಾರ ತನಗೆ ತೋಚಿದ ಕಾರಣಕ್ಕೆ ನಿರ್ಬಂಧ ಹೇರುವಂತಿಲ್ಲ. ವಾಕ್ ಸ್ವಾತಂತ್ರ್ಯಕ್ಕೆ ನಿರ್ಬಂಧ ಬೇಕಾದರೆ 19(2)ರಲ್ಲಿ ಹೆಸರಿಸಿರುವ ಎಂಟು ಕಾರಣಗಳಲ್ಲಿ ಒಂದು ಇರಬೇಕು. ಸಾರ್ವಜನಿಕ ಸುವ್ಯವಸ್ಥೆ, ಮಾನಹಾನಿ, ನ್ಯಾಯಾಲಯ ನಿಂದನೆ ಮುಂತಾದವು ಅವು. ಧಾರ್ಮಿಕ ಸ್ವಾತಂತ್ರ್ಯದ 25ನೇ ವಿಧಿಯ ಮಿತಿಗಳು ಬೇರೆ: ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಮತ್ತು ಅದೇ ಭಾಗದ ಇತರ ಹಕ್ಕುಗಳು. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ 21ನೇ ವಿಧಿಯ ಮಿತಿ "ಕಾನೂನು ಸ್ಥಾಪಿಸಿದ ಕಾರ್ಯವಿಧಾನ". ಆ ಕಾರ್ಯವಿಧಾನವು ನ್ಯಾಯಯುತವಾಗಿಯೂ ಸಮಂಜಸವಾಗಿಯೂ ಇರಬೇಕೆಂದು 1978ರ ಮನೇಕಾ ಗಾಂಧಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಅಸ್ಪೃಶ್ಯತೆಯನ್ನು ನಿಷೇಧಿಸುವ 17ನೇ ವಿಧಿಗಾದರೋ ಮಿತಿಯೇ ಇಲ್ಲ. ಅಲ್ಲಿ "ಅದೇ" ಎಂದು ಚುಕ್ಕಿ ಇಟ್ಟ ಮಗು, ಅಸ್ಪೃಶ್ಯತೆಗೂ ಸಮಂಜಸವಾದ ಒಂದು ಅಳತೆ ಉಂಟೆಂದು ತಿಳಿಯದೆಯೇ ಬರೆದಂತಾಯಿತು.

ಇನ್ನು ನಾಲ್ಕನೆಯ ಅಂಕಣ. ಇಲ್ಲಿ ಮಗುವಿಗೆ ಒಂದೇ ಪ್ರಶ್ನೆಯನ್ನು ಕೇಳಿ ಅಭ್ಯಾಸ ಮಾಡಿಸಬೇಕು: ಈ ಹಕ್ಕು ಸಂವಿಧಾನದ ಮೂರನೆಯ ಭಾಗದಲ್ಲಿ ಇದೆಯೋ ಇಲ್ಲವೋ? 32ನೇ ವಿಧಿಯ ಮೂಲಕ ನೇರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗುವ ದಾರಿ ಆ ಮೂರನೆಯ ಭಾಗದ ಹಕ್ಕುಗಳಿಗೆ ಮಾತ್ರ. 226ನೇ ವಿಧಿಯ ಮೂಲಕ ಉಚ್ಚ ನ್ಯಾಯಾಲಯಕ್ಕೆ ಹೋಗುವ ದಾರಿ ಅದಕ್ಕಿಂತ ಅಗಲವಾದದ್ದು. ಮೂಲಭೂತ ಹಕ್ಕುಗಳ ಜಾರಿಗಾಗಿ ಎಂದ ಮೇಲೆ "ಬೇರೆ ಯಾವುದೇ ಉದ್ದೇಶಕ್ಕಾಗಿಯೂ" ಎಂಬ ಅರ್ಥದ ಮಾತು ಅಲ್ಲಿ ಸೇರಿದೆ. ಆಸ್ತಿಯ ಹಕ್ಕನ್ನೇ ಉದಾಹರಣೆಯಾಗಿ ಕೊಡಬಹುದು. 1978ರ 44ನೇ ತಿದ್ದುಪಡಿಯು ಅದನ್ನು ಮೂರನೆಯ ಭಾಗದಿಂದ ತೆಗೆದು 300ಎ ವಿಧಿಯಾಗಿ ಇರಿಸಿತು. ಹಕ್ಕು ಅಳಿಯಲಿಲ್ಲ, ಆದರೆ ಅದರ ಬಾಗಿಲು ಬದಲಾಯಿತು. ಜಮೀನು ಕಳೆದುಕೊಂಡವನು ಇಂದು ಆ ವಿಧಿಯನ್ನು ಹಿಡಿದು ಹೋಗಬೇಕಾದದ್ದು ಉಚ್ಚ ನ್ಯಾಯಾಲಯಕ್ಕೆ. ಈ ಒಂದು ಉದಾಹರಣೆ ಮನಸ್ಸಿನಲ್ಲಿ ನಿಂತರೆ ನಮ್ಮ ಭಾಷೆಯ ಸಾಲು ಅರ್ಥವಾಗುವುದು ಸುಲಭ.

ಮತ್ತೆ ಕೆಲವು ಹಕ್ಕುಗಳ ಮೊದಲ ಬಾಗಿಲು ರಿಟ್ ಅರ್ಜಿಯೂ ಅಲ್ಲ. ಬಾವಿಕಟ್ಟೆಯಲ್ಲಿ ಜಾತಿಯ ಕಾರಣದಿಂದ ಅವಮಾನಗೊಂಡವನು ದೆಹಲಿಗೆ ಹೋಗುವುದಿಲ್ಲ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಮತ್ತು 1989ರ ದೌರ್ಜನ್ಯ ತಡೆ ಕಾಯಿದೆ ಅವನನ್ನು ಪೊಲೀಸ್ ಠಾಣೆಗೆ ಕರೆದೊಯ್ಯುತ್ತವೆ. ಆದ್ದರಿಂದ ಆ ಸಾಲಿನಲ್ಲಿ 32ನೇ ವಿಧಿಯ ಮೊದಲು ಠಾಣೆಯ ಹೆಸರು ಬರಬೇಕು.

ಈಗ ನಮ್ಮ ಸಾಲುಗಳಿಗೆ ಬರೋಣ. ಪಾಠದಲ್ಲಿ "ಸಾಂಸ್ಕೃತಿಕ ಮತ್ತು ಶೈಕ್ಷಣಿಕ ಹಕ್ಕುಗಳು, 29 ಮತ್ತು 30" ಎಂದು ಎರಡನ್ನೂ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಮೊದಲು ಇವೆರಡನ್ನು ಬಿಡಿಸಿ ಬರೆಯಿಸಿ. 29(1)ನೇ ವಿಧಿ, ಸ್ವಂತ ಭಾಷೆ, ಲಿಪಿ ಅಥವಾ ಸಂಸ್ಕೃತಿಯುಳ್ಳ ಯಾವುದೇ ನಾಗರಿಕ ವರ್ಗಕ್ಕೆ ಅದನ್ನು ಉಳಿಸಿಕೊಳ್ಳುವ ಹಕ್ಕು ಕೊಡುತ್ತದೆ. ಅದರ ವಾಕ್ಯದಲ್ಲಿ 19ನೇ ವಿಧಿಯಂತಹ ನಿರ್ಬಂಧದ ಮಾತಿಲ್ಲ. ಭಾಷೆಯನ್ನು ಉಳಿಸಿಕೊಳ್ಳುವ ಹಕ್ಕಿನಲ್ಲಿ ಅದರ ರಕ್ಷಣೆಗಾಗಿ ಚಳವಳಿ ಮಾಡುವ ಹಕ್ಕೂ ಸೇರಿದೆಯೆಂದು 1964ರಲ್ಲಿ ಜಗದೇವ್ ಸಿಂಗ್ ಸಿದ್ಧಾಂತಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ.

30(1)ನೇ ವಿಧಿ ಬೇರೆಯೇ ವಿಷಯ. ಅಲ್ಪಸಂಖ್ಯಾತರು ತಮ್ಮ ಇಷ್ಟದ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿ ನಡೆಸುವ ಹಕ್ಕು ಅದು. ಸರ್ಕಾರಿ ಶಾಲೆಯಲ್ಲಿ ಕನ್ನಡ ವಿಭಾಗ ಇದೆಯೆಂಬ ಮಾತ್ರಕ್ಕೆ ಅದು 30ನೇ ವಿಧಿಯ ಸಂಸ್ಥೆಯಾಗುವುದಿಲ್ಲ. ನಮ್ಮವರು ಬರೆಯುವ ಮನವಿಗಳಲ್ಲಿ ನಾನು ಅತಿ ಹೆಚ್ಚು ಕಂಡ ತಪ್ಪು ಇದೇ: ಸರ್ಕಾರಿ ಶಾಲೆಯ ಕೊರತೆಗೆ 30ನೇ ವಿಧಿಯನ್ನು ಆಧಾರವಾಗಿ ಕೊಡುವುದು. ಓದುವ ಅಧಿಕಾರಿ ಆ ಒಂದು ದೋಷವನ್ನು ತೋರಿಸಿ ಇಡೀ ಮನವಿಯನ್ನು ಬದಿಗಿಡಬಹುದು. ಈ ಹಕ್ಕಿಗೂ ಮಿತಿಗಳುಂಟು. ಶಿಕ್ಷಣದ ಗುಣಮಟ್ಟಕ್ಕಾಗಿ ಸರ್ಕಾರ ನಿಯಮ ಮಾಡಬಹುದು. ರಾಜ್ಯಭಾಷೆಯನ್ನು ಒಂದು ವಿಷಯವಾಗಿ ಕಲಿಸಬೇಕೆಂದೂ ಹೇಳಬಹುದು. ಮಹಾರಾಷ್ಟ್ರದಲ್ಲಿ ಅಲ್ಪಸಂಖ್ಯಾತ ಭಾಷೆಯ ಶಾಲೆಗಳಿಗೂ ಮರಾಠಿಯನ್ನು ಕಡ್ಡಾಯಗೊಳಿಸಿದ ನೀತಿಯನ್ನು 2004ರಲ್ಲಿ ಉಷಾ ಮೆಹ್ತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಈ ಮಿತಿ ನನಗೆ ಅನ್ಯಾಯವೆಂದು ತೋರುವುದಿಲ್ಲ. ನಾವು ಬಾಳುವ ರಾಜ್ಯದ ಭಾಷೆ ನಮ್ಮ ಮಕ್ಕಳಿಗೆ ಬರಲೇಬೇಕು. ಅದು ಕನ್ನಡದ ಜೊತೆಗೆ ಬರುವ ಒಂದು ವಿಷಯವಾಗಲಿ, ಕನ್ನಡದ ಸ್ಥಾನದಲ್ಲಿ ಕುಳಿತು ಗಣಿತ ಕಲಿಸುವ ಮಾಧ್ಯಮವಾಗದಿರಲಿ ಎಂಬುದಷ್ಟೇ ನಮ್ಮ ಬೇಡಿಕೆ.

ಅಲ್ಪಸಂಖ್ಯಾತರು ಯಾರೆಂಬ ಗೊಂದಲವನ್ನೂ ಇಲ್ಲಿಯೇ ಬಿಡಿಸಬೇಕು. 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠವು, ಅಲ್ಪಸಂಖ್ಯಾತತ್ವವನ್ನು ಅಳೆಯುವ ಘಟಕ ರಾಜ್ಯವೇ ಎಂದು ತೀರ್ಮಾನಿಸಿತು. ಆದುದರಿಂದ ಮಂಜೇಶ್ವರದ ಯಾವುದೋ ಹಳ್ಳಿಯಲ್ಲಿ, ತಾಳವಾಡಿಯ ಬೆಟ್ಟದ ಊರಿನಲ್ಲಿ, ಜತ್ತ ತಾಲ್ಲೂಕಿನ ಒಂದು ವಾಡಿಯಲ್ಲಿ ಮನೆಮನೆಯೂ ಕನ್ನಡದ್ದೇ ಆಗಿದ್ದರೂ ಅಲ್ಲಿಯವರು ಆ ರಾಜ್ಯದ ಲೆಕ್ಕದಲ್ಲಿ ಭಾಷಾ ಅಲ್ಪಸಂಖ್ಯಾತರೇ. "ನಿಮ್ಮೂರಲ್ಲಿ ನೀವೇ ಹೆಚ್ಚು ಇದ್ದೀರಲ್ಲ" ಎಂಬ ಮಾತಿಗೆ ಉತ್ತರ ಇದು.

ಆದರೆ ತಾಯಿನುಡಿಯಲ್ಲಿ ಕಲಿಕೆ ಎಂಬ ನಮ್ಮ ಮುಖ್ಯ ಸಾಲು ಆ ಪಾಠದೊಳಗೆ ಇಲ್ಲವೇ ಇಲ್ಲ. ಅದು ಇರುವುದು 350ಎ ವಿಧಿಯಲ್ಲಿ, ಅಂದರೆ ಸಂವಿಧಾನದ ಹದಿನೇಳನೆಯ ಭಾಗದಲ್ಲಿ. ರಾಜ್ಯಗಳ ಪುನರ್ವಿಂಗಡಣೆಯಾದ 1956ರಲ್ಲಿ 7ನೇ ತಿದ್ದುಪಡಿಯಿಂದ ಅದು ಸೇರಿತು. ಗೆರೆ ಬದಲಾದಾಗ ಆಚೆ ಉಳಿದ ನಮ್ಮಂತಹವರಿಗಾಗಿಯೇ ಸೇರಿತೆನ್ನಬಹುದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರತಿ ಸ್ಥಳೀಯ ಪ್ರಾಧಿಕಾರವೂ ಪ್ರಯತ್ನಿಸಬೇಕು ಎಂಬುದು ಅದರ ಸಾರ. ಮಿತಿಯ ಅಂಕಣಕ್ಕೆ ಬೇಕಾದ ಎರಡು ಮಾತುಗಳು ಈ ಸಾರದಲ್ಲಿಯೇ ಇವೆ: "ಪ್ರಾಥಮಿಕ ಹಂತ" ಮತ್ತು "ಪ್ರಯತ್ನ". ಪರಿಹಾರದ ಅಂಕಣದಲ್ಲಿ 32ನೇ ವಿಧಿಯನ್ನು ಬರೆಯುವಂತಿಲ್ಲ, ಏಕೆಂದರೆ ಇದು ಮೂರನೆಯ ಭಾಗದ ಹಕ್ಕಲ್ಲ. ಅಲ್ಲಿ ಬರುವವು ಮೂರು: ರಾಷ್ಟ್ರಪತಿಯವರು ರಾಜ್ಯಕ್ಕೆ ನಿರ್ದೇಶನ ನೀಡಬಹುದೆಂದು ಅದೇ ವಿಧಿ ಹೇಳುತ್ತದೆ, 350ಬಿ ವಿಧಿಯ ಪ್ರಕಾರ ನೇಮಕವಾಗುವ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ದೂರು ಬರೆಯಬಹುದು, 226ನೇ ವಿಧಿಯಂತೆ ಉಚ್ಚ ನ್ಯಾಯಾಲಯಕ್ಕೆ ಹೋಗಬಹುದು. ಆಯುಕ್ತರು ತನಿಖೆ ಮಾಡಿ ರಾಷ್ಟ್ರಪತಿಯವರಿಗೆ ವರದಿ ಕೊಡುತ್ತಾರೆ, ಆ ವರದಿ ಸಂಸತ್ತಿನ ಮುಂದೆ ಬರುತ್ತದೆ. ಆದರೆ ಅಧ್ಯಾಪಕರನ್ನು ಬದಲಾಯಿಸಿ ಎಂದು ಆಜ್ಞೆ ಮಾಡುವ ಅಧಿಕಾರ ಅವರಿಗಿಲ್ಲ. ಅದನ್ನು ತಿಳಿಯದೆ ಅವರಿಗೊಂದು ಪತ್ರ ಹಾಕಿ ವರ್ಷಗಟ್ಟಲೆ ಕಾದು ಕುಳಿತವರನ್ನು ನಾನು ಬಲ್ಲೆ.

ಇಷ್ಟಾದ ಮೇಲೆ ಆ ತಂದೆಯ ಪ್ರಶ್ನೆಯನ್ನು ಕೋಷ್ಟಕದ ಮೇಲಿಟ್ಟು ನೋಡೋಣ. ನಾವು ಜಗಲಿಯಲ್ಲಿ ಕುಳಿತು ಮಾಡಿದ ಮೊದಲ ಕೆಲಸ, ಇಬ್ಬರು ಮಕ್ಕಳಿಗೆ ಎರಡು ಬೇರೆ ಸಾಲುಗಳನ್ನು ಹಾಕಿದ್ದು. ಒಂದೇ ಮನೆ, ಒಂದೇ ಶಾಲೆ, ಒಂದೇ ಕೊರತೆ. ಆದರೂ ಇಬ್ಬರ ಪರಿಹಾರ ಒಂದೇ ಅಲ್ಲ.

ಆರನೆಯ ತರಗತಿಯ ಮಗನಿಗೆ 21ಎ ವಿಧಿ ಇದೆ. ಆರರಿಂದ ಹದಿನಾಲ್ಕು ವರ್ಷದವರೆಗಿನ ಮಗುವಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣ ಕೊಡಬೇಕೆನ್ನುವ ಈ ವಿಧಿ 2002ರ 86ನೇ ತಿದ್ದುಪಡಿಯಿಂದ ಮೂರನೆಯ ಭಾಗಕ್ಕೆ ಬಂತು. ಅದನ್ನು ನಡೆಸಲು ಬಂದ 2009ರ ಶಿಕ್ಷಣ ಹಕ್ಕು ಕಾಯಿದೆಯ 29ನೇ ಪ್ರಕರಣವು, ಕಾರ್ಯಸಾಧ್ಯವಾದಷ್ಟರ ಮಟ್ಟಿಗೆ ಬೋಧನೆಯ ಮಾಧ್ಯಮ ಮಗುವಿನ ತಾಯಿನುಡಿಯಾಗಿರಬೇಕು ಎನ್ನುತ್ತದೆ. "ಕಾರ್ಯಸಾಧ್ಯವಾದಷ್ಟು" ಎಂಬುದೇ ಇಲ್ಲಿಯ ಮಿತಿ. ಆದರೆ ಸರ್ಕಾರವೇ ತೆರೆದು, ಕನ್ನಡ ಪಠ್ಯಪುಸ್ತಕವನ್ನೂ ಕೊಟ್ಟು ನಡೆಸುತ್ತಿರುವ ಕನ್ನಡ ವಿಭಾಗದಲ್ಲಿ "ಕಾರ್ಯಸಾಧ್ಯವಲ್ಲ" ಎಂದು ವಾದಿಸುವುದು ಸುಲಭವಲ್ಲ. ಪರಿಹಾರವು ಅದೇ ಕಾಯಿದೆಯ 32ನೇ ಪ್ರಕರಣದಲ್ಲಿದೆ. ಸಂವಿಧಾನದ 32ನೇ ವಿಧಿಯೊಂದಿಗೆ ಇದನ್ನು ಬೆರೆಸಬಾರದು. ಸಂಖ್ಯೆ ಮಾತ್ರ ಒಂದೇ. ಸ್ಥಳೀಯ ಪ್ರಾಧಿಕಾರಕ್ಕೆ, ಅಂದರೆ ಪಂಚಾಯತು ಅಥವಾ ನಗರಸಭೆಯಂತಹ ಸಂಸ್ಥೆಗೆ, ಲಿಖಿತ ದೂರು ಕೊಡಬೇಕು. ಎರಡೂ ಕಡೆಯ ಮಾತು ಕೇಳಿ ಮೂರು ತಿಂಗಳೊಳಗೆ ಅದು ತೀರ್ಮಾನಿಸಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ಇದಕ್ಕೆ ವಕೀಲರೂ ಬೇಡ, ದೂರದ ಪ್ರಯಾಣವೂ ಬೇಡ.

ಒಂಬತ್ತನೆಯ ತರಗತಿಯ ಮಗಳಿಗೆ ಈ ದಾರಿ ಇಲ್ಲ. ಕಾಯಿದೆಯ ವ್ಯಾಪ್ತಿ ಎಂಟನೆಯ ತರಗತಿಗೆ ಮುಗಿಯುತ್ತದೆ. 350ಎ ವಿಧಿಯೂ "ಪ್ರಾಥಮಿಕ ಹಂತ" ಎಂದು ನಿಲ್ಲುತ್ತದೆ. ಆಕೆಯ ಸಾಲಿನಲ್ಲಿ ನಾವು ಬರೆದದ್ದು 14ನೇ ವಿಧಿ, ಕಾನೂನಿನ ಮುಂದೆ ಸಮಾನತೆ. ಅದೇ ಶಾಲೆಯ ರಾಜ್ಯಭಾಷೆಯ ವಿಭಾಗದ ಮಕ್ಕಳಿಗೆ ಅವರ ಮಾಧ್ಯಮ ತಿಳಿದ ಅಧ್ಯಾಪಕರಿದ್ದಾರೆ, ಕನ್ನಡ ವಿಭಾಗದವರಿಗೆ ಇಲ್ಲ. ಈ ಭೇದಕ್ಕೆ ಸಕಾರಣವೇನು ಎಂಬುದು ಪ್ರಶ್ನೆ. ಪರಿಹಾರ, ಉಚ್ಚ ನ್ಯಾಯಾಲಯದಲ್ಲಿ ಪರಮಾದೇಶ ಎಂಬ ರಿಟ್. ಮಾಡಬೇಕಾದ ಕರ್ತವ್ಯವನ್ನು ಮಾಡೆಂದು ಅಧಿಕಾರಿಗೆ ಆಜ್ಞಾಪಿಸುವುದು ಅದು. ನ್ಯಾಯಾಲಯಗಳಲ್ಲಿ ಮ್ಯಾಂಡಮಸ್ ಎಂದೇ ಹೆಸರು.

ಈ ಪರಮಾದೇಶಕ್ಕೆ ಒಂದು ಪೂರ್ವಸಿದ್ಧತೆ ಉಂಟು, ನಮ್ಮವರು ಎಡವುವುದು ಇಲ್ಲಿ. ಮೊದಲು ಸಂಬಂಧಿಸಿದ ಅಧಿಕಾರಿಯ ಮುಂದೆ ಲಿಖಿತ ಬೇಡಿಕೆ ಇಟ್ಟಿರಬೇಕು, ಅವರು ಅದನ್ನು ನಿರಾಕರಿಸಿರಬೇಕು ಅಥವಾ ಸಾಕಷ್ಟು ಕಾಲ ಕಳೆದರೂ ಸುಮ್ಮನಿದ್ದಿರಬೇಕು. ನ್ಯಾಯಾಲಯ ಸಾಮಾನ್ಯವಾಗಿ ಮೊದಲು ಕೇಳುವುದು ಅದನ್ನೇ. ಆ ತಂದೆ ಐದು ಬಾರಿ ಶಾಲೆಗೆ ಹೋಗಿದ್ದರು, ಎರಡು ಬಾರಿ ವಿದ್ಯಾಧಿಕಾರಿಗಳ ಕಚೇರಿಗೂ ಹೋಗಿದ್ದರು. ಎಲ್ಲವೂ ಬಾಯಿಮಾತು. ಕಾಗದದ ಮೇಲೆ ಒಂದಕ್ಷರವೂ ಇರಲಿಲ್ಲ. ಕಾನೂನಿನ ಕಣ್ಣಿಗೆ ಅವರು ಇನ್ನೂ ಏನನ್ನೂ ಕೇಳಿಯೇ ಇರಲಿಲ್ಲ.

"ಬರೆಯುವುದಾದರೂ ಯಾವ ಭಾಷೆಯಲ್ಲಿ ಮಾಷ್ಟ್ರೇ? ನನಗೆ ಕನ್ನಡ ಬಿಟ್ಟರೆ ಬರೆಯಲು ಬಾರದು" ಎಂದರು. ಅದಕ್ಕೂ ಒಂದು ಸಾಲು ಇದೆ. 350ನೇ ವಿಧಿಯ ಪ್ರಕಾರ ಯಾವುದೇ ವ್ಯಕ್ತಿ ತನ್ನ ಕುಂದುಕೊರತೆಯ ಪರಿಹಾರಕ್ಕಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಬಹುದು. ಇದರ ಮಿತಿಯನ್ನೂ ಹೇಳಿಬಿಡುತ್ತೇನೆ: ಉತ್ತರವೂ ಕನ್ನಡದಲ್ಲೇ ಬರಬೇಕೆಂದು ಈ ವಿಧಿ ಹೇಳುವುದಿಲ್ಲ. ಆದ್ದರಿಂದ ಕನ್ನಡದ ಮನವಿಗೆ ರಾಜ್ಯಭಾಷೆಯಲ್ಲಿ ಒಂದು ಅನುವಾದ ಲಗತ್ತಿಸುವುದು ಜಾಣತನ. ಅದು ಕಡ್ಡಾಯವಲ್ಲ, ಕಡತ ಬೇಗ ಸಾಗಲಿ ಎಂಬುದಕ್ಕೆ ಅಷ್ಟೇ.

ಆ ದಿನ ಒಂದೇ ಪುಟದ ಮನವಿ ಸಿದ್ಧವಾಯಿತು. ಅದರಲ್ಲಿ ಅಧ್ಯಾಪಕರ ಮೇಲೆ ಒಂದು ಕಟುನುಡಿಯೂ ಇಲ್ಲ. ತನಗೆ ತಿಳಿಯದ ಭಾಷೆಯ ತರಗತಿಗೆ ಕಳುಹಿಸಲ್ಪಟ್ಟ ಅವರೂ ಒಂದು ರೀತಿಯಲ್ಲಿ ಇದೇ ಕಷ್ಟದಲ್ಲಿ ಸಿಲುಕಿದವರು. ಯಾವ ದಿನದಿಂದ, ಯಾವ ತರಗತಿಗೆ, ವಾರಕ್ಕೆ ಎಷ್ಟು ಅವಧಿ, ಎಷ್ಟು ಮಕ್ಕಳು, ಮೊದಲ ಪರೀಕ್ಷೆಯಲ್ಲಿ ಗಣಿತದ ಅಂಕವೆಷ್ಟು, ಕಳೆದ ವರ್ಷ ಎಷ್ಟಿತ್ತು ಎಂಬಿಷ್ಟನ್ನು ಬರೆದೆವು. ಕೊನೆಗೆ ಬೇಡಿಕೆ ಒಂದೇ: ಕನ್ನಡದಲ್ಲಿ ಬೋಧಿಸಬಲ್ಲ ಗಣಿತ ಅಧ್ಯಾಪಕರನ್ನು ಇಷ್ಟು ದಿನಗಳೊಳಗೆ ನಿಯೋಜಿಸಬೇಕು. ಎರಡು ಪ್ರತಿ ಮಾಡಿ, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ದಿನಾಂಕ ಸಹಿತ ಕಚೇರಿಯ ಮುದ್ರೆ ಹಾಕಿಸಿಕೊಂಡು ಬರುವಂತೆ ಹೇಳಿದೆ. ಆ ಮುದ್ರೆಯೇ ಮುಂದಿನ ಎಲ್ಲ ಬಾಗಿಲುಗಳ ಕೀಲಿಕೈ. ಆ ಹುದ್ದೆಗೆ ಕನ್ನಡದ ಅರ್ಹತೆಯನ್ನು ನಿಗದಿಪಡಿಸಲಾಗಿತ್ತೇ ಎಂದು ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಕೇಳುವಂತೆಯೂ ತಿಳಿಸಿದೆ. ಅದಕ್ಕೆ ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರ ಕೊಡಬೇಕು.

ವಕೀಲರ ಶುಲ್ಕದ ಭಯ ಅವರ ಮುಖದಲ್ಲಿ ಕಾಣುತ್ತಿತ್ತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೇ ಪ್ರಕರಣದಂತೆ ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಆದುದರಿಂದ ಅರ್ಜಿ ಮಗಳ ಅಥವಾ ತಾಯಿಯ ಹೆಸರಿನಲ್ಲಿ ಇರಲಿ ಎಂದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ ವಿಚಾರಿಸಿದರೆ ಸಾಕು. ಪಾಠದ ಕೋಷ್ಟಕದಲ್ಲಿ ಪರಿಹಾರ ಎಂದರೆ ನ್ಯಾಯಾಲಯದ ಹೆಸರು ಮಾತ್ರ. ಅಲ್ಲಿಯವರೆಗೆ ತಲುಪುವ ಈ ಮೆಟ್ಟಿಲನ್ನು ಯಾರೂ ಬರೆಯಿಸುವುದಿಲ್ಲ.

ಕರ್ತವ್ಯಗಳ ಬಗ್ಗೆಯೂ ಎರಡು ಮಾತು ಹೇಳಬೇಕು. 1976ರ 42ನೇ ತಿದ್ದುಪಡಿಯಿಂದ ಬಂದ 51ಎ ವಿಧಿಯ ಹತ್ತು ಕರ್ತವ್ಯಗಳ ಮುಂದೆ ಪರಿಹಾರದ ಅಂಕಣದಲ್ಲಿ 32ನೇ ವಿಧಿಯನ್ನು ಬರೆಯುವುದಕ್ಕೆ ಅರ್ಥವೇ ಇಲ್ಲ. ಕರ್ತವ್ಯ ತಪ್ಪಿದರೆ ಆ ವಿಧಿಯೊಂದರಿಂದಲೇ ಶಿಕ್ಷೆ ಬಾರದು. ಶಿಕ್ಷೆಗೆ ಬೇರೊಂದು ಕಾನೂನು ಬೇಕು. ಇದು ಸ್ಪಷ್ಟವಾದದ್ದು ಕೇರಳದ ಒಂದು ಶಾಲೆಯಿಂದಲೇ. 1985ರಲ್ಲಿ ಮೂವರು ಮಕ್ಕಳು ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದು ನಿಂತರೂ ಧಾರ್ಮಿಕ ನಂಬಿಕೆಯ ಕಾರಣದಿಂದ ಹಾಡಲಿಲ್ಲವೆಂದು ಶಾಲೆಯಿಂದ ಹೊರಹಾಕಲ್ಪಟ್ಟರು. ಉಚ್ಚ ನ್ಯಾಯಾಲಯದಲ್ಲಿ ಸೋತು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1986ರ ಆಗಸ್ಟಿನಲ್ಲಿ ಬಿಜೋ ಇಮ್ಯಾನುಯೆಲ್ ಪ್ರಕರಣದ ತೀರ್ಪು ಅವರನ್ನು ಮರಳಿ ಶಾಲೆಗೆ ಸೇರಿಸಿತು. ರಾಷ್ಟ್ರಗೀತೆಯನ್ನು ಗೌರವಿಸುವುದು ಕರ್ತವ್ಯ, ಎದ್ದು ನಿಂತವರು ಅದನ್ನು ಪಾಲಿಸಿದ್ದಾರೆ, ಹಾಡಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ ಎಂದಿತು ನ್ಯಾಯಾಲಯ. ಇಲಾಖೆಯ ಬರಿಯ ಸೂಚನೆಯಿಂದ 19ನೇ ವಿಧಿಯ ಸ್ವಾತಂತ್ರ್ಯವನ್ನು ಕುಗ್ಗಿಸಲಾಗದು, ಅದಕ್ಕೆ ಶಾಸನದ ಬಲವುಳ್ಳ ಕಾನೂನು ಬೇಕು ಎಂದೂ ಹೇಳಿತು. ಮಿತಿಯ ಅಂಕಣ, ಪರಿಹಾರದ ಅಂಕಣ, ಕರ್ತವ್ಯದ ಸಾಲು, ಮೂರೂ ಒಂದೇ ಪ್ರಕರಣದಲ್ಲಿ ಕೂಡಿರುವುದರಿಂದ ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು.

ಹನ್ನೊಂದನೆಯ ಕರ್ತವ್ಯ ಮಾತ್ರ ಮಕ್ಕಳದಲ್ಲ, ನಮ್ಮದು. 21ಎ ವಿಧಿಯನ್ನು ತಂದ ಅದೇ 86ನೇ ತಿದ್ದುಪಡಿ, ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಶಿಕ್ಷಣದ ಅವಕಾಶ ಒದಗಿಸುವುದು ತಂದೆತಾಯಿಯ ಅಥವಾ ಪೋಷಕರ ಕರ್ತವ್ಯ ಎಂದೂ ಸೇರಿಸಿತು. ಯಾವ ಭಾಷೆಯಲ್ಲಿ ಎಂದು ಅದು ಹೇಳಿಲ್ಲ. ಮಗುವಿನ ತಾಯಿನುಡಿ ಯಾವುದೆಂದು ನಿರ್ಧರಿಸುವವರು ತಂದೆತಾಯಿಯೇ, ಸರ್ಕಾರ ತಾಯಿನುಡಿಯ ಮಾಧ್ಯಮವನ್ನು ಬಲವಂತವಾಗಿ ಹೇರಲಾಗದು ಎಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ಕರ್ನಾಟಕದ ಭಾಷಾನೀತಿಯ ವಿರುದ್ಧ ಬಂದ ಆ ತೀರ್ಪಿನಿಂದ ಅಲ್ಲಿಯ ಕನ್ನಡಿಗರು ನೊಂದರು. ಗಡಿಯಾಚೆಯ ನಮಗಾದರೋ ಅದೇ ತೀರ್ಪು ಒಂದು ಹೊಣೆಯನ್ನು ಹೊರಿಸಿದೆ. ಶಾಲೆಯ ದಾಖಲಾತಿ ನಮೂನೆಯಲ್ಲಿ "ತಾಯಿನುಡಿ" ಎಂಬಲ್ಲಿ ನಾವು ಬರೆಯುವ ಪದವೇ ಮುಂದೆ ಲೆಕ್ಕಕ್ಕೆ ಬರುತ್ತದೆ. ತರಗತಿಯಲ್ಲಿ 10 ಮಂದಿ ಅಥವಾ ಇಡೀ ಶಾಲೆಯಲ್ಲಿ 40 ಮಂದಿ ಮಕ್ಕಳಿದ್ದರೆ ಪ್ರಾಥಮಿಕ ಹಂತದಲ್ಲಿ ಆ ಭಾಷೆಯಲ್ಲಿ ಕಲಿಸುವ ಏರ್ಪಾಡು ಮಾಡಬೇಕೆಂಬ ಸೂತ್ರ 1949ರ ಶಿಕ್ಷಣ ಸಚಿವರ ಸಮ್ಮೇಳನದಿಂದ ಬಂದದ್ದು. ಅದು ಶಾಸನವಲ್ಲ, ಸರ್ಕಾರಗಳು ಒಪ್ಪಿದ ಅಳತೆ. ಆದರೂ ಆ ಹತ್ತನೆಯ ಮಗುವಿನ ನಮೂನೆಯಲ್ಲಿ ಅನುಕೂಲಕ್ಕೆಂದು ಬೇರೆ ಭಾಷೆಯನ್ನು ಬರೆದವರು ಸರ್ಕಾರವಲ್ಲ, ನಾವೇ.

ಆ ಹುಡುಗಿ ಜಗಲಿಯಲ್ಲಿ ಕುಳಿತು ಮರುದಿನ ತಿದ್ದಿ ಬರೆದ ಕೋಷ್ಟಕದಿಂದ ನಮಗೆ ಬೇಕಾದ ಆರು ಸಾಲುಗಳನ್ನು ಇಲ್ಲಿ ಇಳಿಸುತ್ತೇನೆ.

ಸಮಾನತೆ, 14ನೇ ವಿಧಿ. ಮಿತಿ: ಸಕಾರಣವಾದ ವರ್ಗೀಕರಣಕ್ಕೆ ಅವಕಾಶವಿದೆ. ಪರಿಹಾರ: 226 ಅಥವಾ 32ನೇ ವಿಧಿ, ಮೊದಲು ಲಿಖಿತ ಬೇಡಿಕೆ.

ಶಿಕ್ಷಣ, 21ಎ ವಿಧಿ. ಮಿತಿ: ಆರರಿಂದ ಹದಿನಾಲ್ಕು ವರ್ಷ, ಎಂಟನೆಯ ತರಗತಿಯವರೆಗೆ. ಪರಿಹಾರ: ಸ್ಥಳೀಯ ಪ್ರಾಧಿಕಾರಕ್ಕೆ ದೂರು, ಮೂರು ತಿಂಗಳು; ಬಳಿಕ ಮಕ್ಕಳ ಹಕ್ಕುಗಳ ಆಯೋಗ; ಬಳಿಕ ನ್ಯಾಯಾಲಯ.

ಭಾಷೆಯ ಉಳಿವು, 29(1)ನೇ ವಿಧಿ. ಮಿತಿ: ವಿಧಿಯಲ್ಲಿ ಹೇಳಿಲ್ಲ, ನಾಗರಿಕರಿಗೆ ಮಾತ್ರ. ಪರಿಹಾರ: 226 ಅಥವಾ 32ನೇ ವಿಧಿ.

ಸ್ವಂತ ವಿದ್ಯಾಸಂಸ್ಥೆ, 30(1)ನೇ ವಿಧಿ. ಮಿತಿ: ಗುಣಮಟ್ಟದ ನಿಯಮಗಳು, ರಾಜ್ಯಭಾಷೆಯ ಕಲಿಕೆ, ಸರ್ಕಾರಿ ಶಾಲೆಗೆ ಅನ್ವಯವಿಲ್ಲ. ಪರಿಹಾರ: 226 ಅಥವಾ 32ನೇ ವಿಧಿ.

ಇಲ್ಲಿ ಆಕೆ ಒಂದು ದಪ್ಪ ಗೆರೆ ಎಳೆದಿದ್ದಾಳೆ. ಗೆರೆಯ ಕೆಳಗಿನವು ಮೂರನೆಯ ಭಾಗದವಲ್ಲ.

ತಾಯಿನುಡಿಯ ಕಲಿಕೆ, 350ಎ ವಿಧಿ. ಮಿತಿ: ಪ್ರಾಥಮಿಕ ಹಂತ, ಪ್ರಯತ್ನ ಮಾತ್ರ. ಪರಿಹಾರ: ಆಯುಕ್ತರಿಗೆ ದೂರು, 226ನೇ ವಿಧಿ, 32 ಅಲ್ಲ.

ತಂದೆತಾಯಿಯ ಕರ್ತವ್ಯ, 51ಎ ವಿಧಿಯ ಕೊನೆಯ ಖಂಡ. ಮಿತಿ: ಆರರಿಂದ ಹದಿನಾಲ್ಕು ವರ್ಷ. ಶಿಕ್ಷೆ: ಇಲ್ಲ.

ಈ ಕೊನೆಯ ಸಾಲನ್ನು ಬರೆದ ಮೇಲೆ ಹುಡುಗಿ ತಲೆಯೆತ್ತಿ, "ಶಿಕ್ಷೆ ಇಲ್ಲದಿದ್ದರೆ ಯಾರು ಕೇಳುತ್ತಾರೆ ಅಜ್ಜಾ?" ಎಂದಳು. ಅವಳ ತಂದೆ ನನ್ನ ಮುಖ ನೋಡಿದರು. ಉತ್ತರ ಹೇಳಿದವರೂ ಅವರೇ: "ನೀನು ಕೇಳುತ್ತೀಯಲ್ಲ ಮಗಳೇ." ಮರುವಾರ ಅವರು ಮುದ್ರೆಯೊತ್ತಿದ ಎರಡು ಪ್ರತಿಗಳನ್ನು ತಂದು ತೋರಿಸಿದರು, ಒಂದು ಪಂಚಾಯತಿನದು, ಒಂದು ವಿದ್ಯಾಧಿಕಾರಿಗಳ ಕಚೇರಿಯದು. ಮೂರು ತಿಂಗಳ ಎಣಿಕೆ ಆ ದಿನದಿಂದ ಆರಂಭವಾಗಿದೆ. ನಿಮ್ಮ ಮಕ್ಕಳ ನೋಟುಪುಸ್ತಕದಲ್ಲಿಯೂ ಈ ಪಾಠದ ಪುಟವನ್ನು ಇಂದು ಸಂಜೆ ತೆರೆದು, ನಾಲ್ಕನೆಯ ಅಂಕಣದಲ್ಲಿ ಚುಕ್ಕಿಗಳಿವೆಯೇ ಎಂದು ನೋಡಿರಿ.